ಅನುಭವಿ ಇಂಜಿನಿಯರ್‌ನ ಪರಿಚಯ ಸಾರಾಂಶ: ವಿಶೇಷಣಗಳನ್ನು ಕಳೆದ ಮೇಲೆ ಉಳಿಯಬೇಕಾದದ್ದು

ಸಣ್ಣ ಕೈಗಾರಿಕೆಯೊಂದಕ್ಕೆ ಹದಿನೈದು ವರ್ಷಗಳ ಅನುಭವವುಳ್ಳ ಇಂಜಿನಿಯರ್ ಒಬ್ಬರನ್ನು ಸೇರಿಸಿಕೊಳ್ಳುವುದು ಹೊಸ ಯಂತ್ರವೊಂದನ್ನು ಕೊಳ್ಳುವಷ್ಟೇ ದೊಡ್ಡ ನಿರ್ಧಾರ. ಯಂತ್ರ ಕೊಳ್ಳುವಾಗ ನಾವು ಅದರ ಸಾಮರ್ಥ್ಯದ ಪಟ್ಟಿಯನ್ನು ಕೇಳುತ್ತೇವೆ, ನಮ್ಮದೇ ಒಂದು ಜಾಬ್ ಕೊಟ್ಟು ಓಡಿಸಿ ನೋಡುತ್ತೇವೆ. ಆದರೆ ಇಂಜಿನಿಯರ್ ವಿಷಯದಲ್ಲಿ ಮೊದಲು ಕೈಗೆ ಸಿಗುವುದು ಅವರೇ ತಮ್ಮ ಬಗ್ಗೆ ಬರೆದುಕೊಂಡ ಕೆಲವು ಸಾಲುಗಳು ಮಾತ್ರ. ಒಂದು ಕಾಲದಲ್ಲಿ ಆ ಸಾಲುಗಳು ಅಂಚೆಯಲ್ಲಿ ಬರುತ್ತಿದ್ದವು. ಇಂದು ಅವು ಬಹುಮಟ್ಟಿಗೆ ಲಿಂಕ್ಡ್‌ಇನ್‌ನಂತಹ ವೃತ್ತಿ ಸಂಪರ್ಕ ತಾಣಗಳಲ್ಲಿ ಕಾಣಸಿಗುತ್ತವೆ. 2003ರಲ್ಲಿ ಆರಂಭವಾಗಿ, 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಕೊಂಡುಕೊಂಡ ಈ ತಾಣದಲ್ಲಿ ಪ್ರತಿಯೊಬ್ಬ ಸದಸ್ಯನ ಹೆಸರಿನ ಕೆಳಗೆ ಒಂದು ಶೀರ್ಷಿಕೆ ಸಾಲು ಇರುತ್ತದೆ; ಅದರ ನಂತರ 'ಅಬೌಟ್' ಎಂಬ ತಲೆಬರಹದಡಿ ಪರಿಚಯ ಸಾರಾಂಶವಿರುತ್ತದೆ.

ಈ ಸಾರಾಂಶದ ಅಳತೆಯನ್ನು ಮೊದಲು ತಿಳಿದಿರಬೇಕು. ಶೀರ್ಷಿಕೆ ಸಾಲಿಗೆ 220 ಅಕ್ಷರಗಳು, ಸಾರಾಂಶಕ್ಕೆ 2,600 ಅಕ್ಷರಗಳು ಮಿತಿ. ಪದಗಳ ನಡುವಣ ಖಾಲಿ ಜಾಗವೂ ಈ ಲೆಕ್ಕಕ್ಕೆ ಸೇರುತ್ತದೆ. ಆದರೆ ಪುಟ ತೆರೆದಾಗ ಸಾರಾಂಶದ ಮೊದಲ ಕೆಲವು ಸಾಲುಗಳು ಮಾತ್ರ ಕಾಣುತ್ತವೆ. ಉಳಿದುದನ್ನು ಓದಬೇಕಾದರೆ ಓದುವವರು ಒತ್ತಿ ತೆರೆಯಬೇಕು. ಆದ್ದರಿಂದ ಆ ಮೊದಲ ಸಾಲುಗಳಲ್ಲಿ ವಿಷಯವಿಲ್ಲದಿದ್ದರೆ ಮುಂದಿನದು ಎಷ್ಟೇ ಚೆನ್ನಾಗಿದ್ದರೂ ಓದಿಸಿಕೊಳ್ಳುವುದಿಲ್ಲ.

ಈ ಲೇಖನವು ಒಂದೇ ಉದಾಹರಣೆಯನ್ನು ಹಿಡಿದು, ಅಂತಹ ಸಾರಾಂಶವೊಂದನ್ನು ಹೇಗೆ ಬರೆಯಬೇಕು ಮತ್ತು ಉದ್ಯೋಗದಾತರು ಅದನ್ನು ಹೇಗೆ ಓದಬೇಕು ಎಂಬುದನ್ನು ಪರಿಶೀಲಿಸುತ್ತದೆ. ಉದಾಹರಣೆಯ ವ್ಯಕ್ತಿ ಮತ್ತು ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಆದರೆ ಅಲ್ಲಿ ಬರುವ ತೊಂದರೆ ಎರಕದ ಭಾಗಗಳನ್ನು ಮಷಿನಿಂಗ್ ಮಾಡುವ ಯಾರಿಗೂ ಅಪರಿಚಿತವಲ್ಲ.

ಮೊದಲ ಕರಡು

ನಲವತ್ತು ದಾಟಿದ ಒಬ್ಬ ಇಂಜಿನಿಯರ್ ಇದ್ದಾರೆಂದು ಭಾವಿಸೋಣ. ಡಿಪ್ಲೊಮಾ ಮುಗಿಸಿ, ಕೆಲಸದಲ್ಲಿದ್ದುಕೊಂಡೇ ಪದವಿ ಪಡೆದವರು. ಹದಿನಾರು ವರ್ಷಗಳಿಂದ ಮಷಿನ್ ಶಾಪ್‌ಗಳಲ್ಲಿದ್ದಾರೆ. ಅದರಲ್ಲಿ ಕೊನೆಯ ಆರು ವರ್ಷ ಹೈಡ್ರಾಲಿಕ್ ವಾಲ್ವ್‌ಗಳ ಎರಕದ ಬಾಡಿಗಳನ್ನು ಮಷಿನಿಂಗ್ ಮಾಡುವ ಕಾರ್ಖಾನೆಯೊಂದರಲ್ಲಿ. ಆ ಕಾರ್ಖಾನೆ ಬೇರೆ ಊರಿಗೆ ಸ್ಥಳಾಂತರವಾಗಲಿದೆ. ವಯಸ್ಸಾದ ತಂದೆ ತಾಯಿಯನ್ನೂ ಮಕ್ಕಳ ಶಾಲೆಯನ್ನೂ ಬಿಟ್ಟು ಅವರು ಹೋಗಲಾರರು. ಮೂರು ತಿಂಗಳೊಳಗೆ ಇದೇ ಊರಿನಲ್ಲಿ ಬೇರೆ ಕೆಲಸ ದೊರೆಯಬೇಕು. ಅವರು ತಮ್ಮ ಸಾರಾಂಶವನ್ನು ಹೀಗೆ ಬರೆಯುತ್ತಾರೆ:

"ನಾನು ಡೈನಾಮಿಕ್ ಹಾಗೂ ರಿಸಲ್ಟ್ ಓರಿಯೆಂಟೆಡ್ ಇಂಜಿನಿಯರ್. ಉತ್ಪಾದನಾ ಕ್ಷೇತ್ರದಲ್ಲಿ 16 ವರ್ಷಗಳ ವ್ಯಾಪಕ ಅನುಭವ ಹೊಂದಿದ್ದೇನೆ. ಗುಣಮಟ್ಟ ಸುಧಾರಣೆಯಲ್ಲಿ ಸಾಬೀತಾದ ಸಾಧನೆ, ಬಲವಾದ ನಾಯಕತ್ವ ಗುಣ, ಅತ್ಯುತ್ತಮ ಸಂವಹನ ಕೌಶಲ ನನ್ನ ಶಕ್ತಿಗಳು. ಸವಾಲುಗಳನ್ನು ಅವಕಾಶಗಳನ್ನಾಗಿ ಪರಿವರ್ತಿಸುವ ಉತ್ಸಾಹಿ ಟೀಮ್ ಪ್ಲೇಯರ್."

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಓದಿದ ಕಾರ್ಖಾನೆ ಮಾಲೀಕರಿಗೆ ತಿಳಿದದ್ದು ಒಂದೇ: ಹದಿನಾರು ವರ್ಷ ಎಂಬ ಸಂಖ್ಯೆ. ಅವರು ಯಾವ ಲೋಹವನ್ನು ಕತ್ತರಿಸಿದವರು, ಸಾವಿರ ಸಾವಿರ ಸಂಖ್ಯೆಯಲ್ಲಿ ಒಂದೇ ಭಾಗ ತಯಾರಿಸಿದವರೇ ಅಥವಾ ಐವತ್ತರ ಲಾಟ್‌ಗಳಲ್ಲಿ ಹಲವು ಭಾಗ ತಯಾರಿಸಿದವರೇ, ತೊಂದರೆ ಬಂದಾಗ ಅಳತೆ ಹಿಡಿದು ನೋಡುವವರೇ ಅಥವಾ ಆಪರೇಟರ್‌ನನ್ನು ಬೈಯುವವರೇ ಎಂಬುದು ಯಾವುದೂ ತಿಳಿಯುವುದಿಲ್ಲ.

ಈ ಪದಗಳ ಸವಕಲುತನ ಹೊಸದೇನಲ್ಲ. 2010ರಲ್ಲಿ ಲಿಂಕ್ಡ್‌ಇನ್ ಸಂಸ್ಥೆ ತನ್ನ ಸದಸ್ಯರ ಪರಿಚಯಗಳಲ್ಲಿ ಅತಿಯಾಗಿ ಬಳಕೆಯಾದ ಪದಗಳನ್ನು ದೇಶವಾರು ಪ್ರಕಟಿಸಿತ್ತು. ಅಮೆರಿಕದಲ್ಲಿ 'ವ್ಯಾಪಕ ಅನುಭವ' ಎಂಬರ್ಥದ ಪದಗುಚ್ಛ ಮೊದಲ ಸ್ಥಾನದಲ್ಲಿದ್ದರೆ, ಭಾರತದಲ್ಲಿ ಆ ಸ್ಥಾನ 'ಡೈನಾಮಿಕ್' ಎಂಬ ಪದಕ್ಕೆ ದೊರೆತಿತ್ತು. ಎಲ್ಲರೂ ಒಂದೇ ಅಂಗಿ ತೊಟ್ಟು ಸಾಲಿನಲ್ಲಿ ನಿಂತರೆ ಆರಿಸುವವರು ಅಂಗಿಯನ್ನು ನೋಡಿ ಆರಿಸಲಾರರು.

ಅನಗತ್ಯ ವಾಕ್ಯವನ್ನು ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ. ಆ ವಾಕ್ಯವನ್ನು ಎತ್ತಿ, ಒಬ್ಬ ಲೆಕ್ಕ ಪರಿಶೋಧಕರ ಅಥವಾ ಔಷಧ ಮಾರಾಟ ಪ್ರತಿನಿಧಿಯ ಹೆಸರಿನ ಕೆಳಗೆ ಇಟ್ಟು ನೋಡುವುದು. ಅಲ್ಲಿಯೂ ಅದು ಒಂದು ಪದವೂ ಬದಲಾಗದೆ ಹೊಂದಿಕೊಂಡರೆ ಅದು ಇಂಜಿನಿಯರ್ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಮೇಲಿನ ಕರಡಿನಲ್ಲಿ 'ಉತ್ಪಾದನಾ ಕ್ಷೇತ್ರದಲ್ಲಿ 16 ವರ್ಷ' ಎಂಬುದೊಂದನ್ನು ಬಿಟ್ಟು ಉಳಿದೆಲ್ಲವೂ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ.

ಇನ್ನೊಂದು ಪರೀಕ್ಷೆಯೂ ಉಂಟು. ಬಹುತೇಕ ಇಂಜಿನಿಯರುಗಳು ಈ ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಬರೆಯುವ ಮುನ್ನ ಅದನ್ನೇ ಕನ್ನಡದಲ್ಲಿ, ಹತ್ತು ವರ್ಷ ತಮ್ಮೊಡನೆ ಕೆಲಸ ಮಾಡಿದ ಆಪರೇಟರ್ ಒಬ್ಬನಿಗೆ ಹೇಳುವಂತೆ ಹೇಳಿಕೊಳ್ಳಬೇಕು. "ನಾನು ಡೈನಾಮಿಕ್" ಎಂದು ಆತನ ಎದುರು ಹೇಳಲು ನಾಲಿಗೆ ಏಳುವುದಿಲ್ಲ. "ಆ ವಾಲ್ವ್ ಬಾಡಿಯ ಬೋರ್ ತೊಂದರೆಯನ್ನು ನಾನು ಬಿಡಿಸಿದೆ" ಎಂದು ಹೇಳಬಹುದು. ಬರೆಯಬೇಕಾದದ್ದು ಆ ಎರಡನೆಯ ಮಾತನ್ನು.

ದಾಖಲೆಯಿಂದ ವಿಷಯ ಹೆಕ್ಕುವ ಬಗೆ

ಹಾಗಾದರೆ ಸಾರಾಂಶಕ್ಕೆ ಬೇಕಾದ ವಿಷಯ ಎಲ್ಲಿಂದ ಬರಬೇಕು? ನೆನಪಿನಿಂದಲ್ಲ, ಕೆಲಸದಿಂದ. ನಮ್ಮ ಇಂಜಿನಿಯರ್ ತಾವು ಮಾಡಿದ ಕೆಲಸಗಳಲ್ಲಿ ಮೂರನ್ನು ಆರಿಸಿ, ಪ್ರತಿಯೊಂದಕ್ಕೂ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುತ್ತಾರೆ. ವಸ್ತು ಯಾವುದು? ತೊಂದರೆ ಏನಿತ್ತು? ಕಾರಣ ಹೇಗೆ ತಿಳಿಯಿತು? ಏನು ಬದಲಾಯಿಸಲಾಯಿತು? ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು? ಅವುಗಳಲ್ಲಿ ಒಂದನ್ನು ಪೂರ್ತಿಯಾಗಿ ನೋಡೋಣ.

ವಸ್ತುವು ಎಸ್‌ಜಿ ಐರನ್ ಎರಕದ ವಾಲ್ವ್ ಬಾಡಿ. ಅದರೊಳಗೆ 25 ಮಿಲಿಮೀಟರ್ ವ್ಯಾಸದ ಬೋರ್, ಎಚ್7 ಅಳತೆಯ ಮಿತಿಯಲ್ಲಿ. ಎಂದರೆ ಬೋರ್ 25 ಮಿಲಿಮೀಟರಿಗಿಂತ ಕಿರಿದಾಗಿರಕೂಡದು, 21 ಮೈಕ್ರಾನ್‌ಗಿಂತ ಹೆಚ್ಚು ಹಿರಿದಾಗಿರಲೂ ಕೂಡದು. ತಿಂಗಳಿಗೆ 6,000 ಬಾಡಿಗಳು. ಹೋನಿಂಗ್ ಆದ ಮೇಲೆ ಪರೀಕ್ಷೆಯಲ್ಲಿ ನೂರಕ್ಕೆ 4.2 ತಿರಸ್ಕೃತವಾಗುತ್ತಿದ್ದವು, ಅಂದರೆ ತಿಂಗಳಿಗೆ 252 ಬಾಡಿಗಳು. ಹೆಚ್ಚಿನವುಗಳ ದೋಷ ಒಂದೇ: ಬೋರ್ ಗುಂಡಾಗಿರದೆ ಕೊಂಚ ಅಂಡಾಕಾರವಾಗಿರುತ್ತಿತ್ತು.

ಮೊದಲಿಗೆ ಅನುಮಾನ ಹೋದದ್ದು ಟೂಲ್‌ನ ಸವೆತದ ಮೇಲೆ, ಆಮೇಲೆ ಎರಕದ ಗಡಸುತನದ ಮೇಲೆ, ಕೊನೆಗೆ ರಾತ್ರಿ ಪಾಳಿಯವರ ಮೇಲೆ. ಇನ್ಸರ್ಟ್ ಬದಲಾಯಿಸಿದರೂ ಎರಕದ ಸರಬರಾಜು ಬದಲಾಯಿಸಿದರೂ ಫಲ ಕಾಣಲಿಲ್ಲ. ಆಗ ನಮ್ಮ ಇಂಜಿನಿಯರ್ ಮಾಡಿದ್ದು ಅತ್ಯಂತ ಸರಳವಾದ ಕೆಲಸ. ಬೋರಿಂಗ್ ಮುಗಿದ ಬಾಡಿಯನ್ನು ಫಿಕ್ಸ್ಚರ್‌ನಿಂದ ಬಿಚ್ಚುವ ಮೊದಲೇ, ಬೋರ್ ಗೇಜ್ ಹಾಕಿ, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆದರು. ಎರಡೂ ಅಳತೆಗಳು ಹೆಚ್ಚು ಕಡಿಮೆ ಒಂದೇ ಆಗಿದ್ದವು. ಕ್ಲಾಂಪ್ ಸಡಿಲಿಸಿ ಮತ್ತೆ ಅಳೆದಾಗ, ಕ್ಲಾಂಪ್ ಒತ್ತಿದ್ದ ದಿಕ್ಕಿನಲ್ಲಿ ವ್ಯಾಸ 14 ಮೈಕ್ರಾನ್ ಬದಲಾಗಿತ್ತು. ಇನ್ನೊಂದು ದಿಕ್ಕಿನಲ್ಲಿ ಬದಲಾವಣೆ ಬಹು ಅಲ್ಪ. ಹತ್ತು ಬಾಡಿಗಳಲ್ಲಿ ಹೀಗೆಯೇ ಕಂಡಿತು.

ಕಾರಣ ಸ್ಪಷ್ಟವಾಯಿತು. ಕ್ಲಾಂಪ್ ಬಾಡಿಯ ತೆಳುವಾದ ಗೋಡೆಯ ಮೇಲೆ ಕುಳಿತಿತ್ತು. ಅದರ ಕೆಳಗೆ ಆಸರೆ ಇರಲಿಲ್ಲ. ಒತ್ತಡದಲ್ಲಿ ಗೋಡೆ ಬಾಗಿದ ಸ್ಥಿತಿಯಲ್ಲಿ ಟೂಲ್ ಗುಂಡಾದ ಬೋರನ್ನೇ ಕೊರೆಯುತ್ತಿತ್ತು. ಬಿಚ್ಚಿದಾಗ ಗೋಡೆ ತನ್ನ ಸ್ಥಾನಕ್ಕೆ ಮರಳಿ ಬೋರ್ ಅಂಡಾಕಾರವಾಗುತ್ತಿತ್ತು. ಹೋನಿಂಗ್‌ಗೆಂದು ಬಿಟ್ಟ ಲೋಹ ಅಷ್ಟನ್ನು ಸರಿಪಡಿಸಲು ಸಾಲುತ್ತಿರಲಿಲ್ಲ. ಪರಿಹಾರವೂ ಎರಡೇ ಬದಲಾವಣೆ: ಕ್ಲಾಂಪನ್ನು ಆಸರೆಯ ಪ್ಯಾಡ್‌ನ ನೇರಕ್ಕೆ ಸರಿಸಿದ್ದು, ಮತ್ತು ಕೊನೆಯ ಫಿನಿಷ್ ಕಟ್‌ಗೆ ಮೊದಲು ಕ್ಲಾಂಪಿನ ಒತ್ತಡವನ್ನು ಇಳಿಸಿದ್ದು. ನಾಲ್ಕು ತಿಂಗಳಲ್ಲಿ ರಿಜೆಕ್ಷನ್ ನೂರಕ್ಕೆ 1.3ಕ್ಕೆ ಇಳಿಯಿತು. 252ರ ಬದಲು 78. ತಿಂಗಳಿಗೆ 174 ಬಾಡಿಗಳ ಉಳಿತಾಯ.

ಇಲ್ಲಿ ಇನ್ನೊಂದು ಸಂಗತಿಯಿದೆ. ಒತ್ತಡ ಇಳಿಸಲು ಪ್ರತಿ ಬಾಡಿಗೆ 15 ಸೆಕೆಂಡು ಹೆಚ್ಚು ಬೇಕಾಯಿತು. 6,000 ಬಾಡಿಗಳಿಗೆ ಅದು ತಿಂಗಳಿಗೆ 25 ಗಂಟೆಗಳ ಯಂತ್ರದ ಸಮಯ. ಸುಧಾರಣೆ ಪುಕ್ಕಟೆಯಾಗಿ ಬರಲಿಲ್ಲ. ನಿಜವಾಗಿ ಕೆಲಸ ಮಾಡಿದವರಿಗೆ ಈ ಬೆಲೆ ಗೊತ್ತಿರುತ್ತದೆ. ಪಕ್ಕದಲ್ಲಿ ನಿಂತು ನೋಡಿದವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಈ ಕಾರಣಕ್ಕೇ ಸಾರಾಂಶದಲ್ಲಿ ಅದು ಬರುವುದು ಒಳ್ಳೆಯದು.

ಸಂಖ್ಯೆಗೆ ಬುಡವಿರಬೇಕು

ಈ ಕಥೆಯನ್ನು ಸಾರಾಂಶದಲ್ಲಿ ಎರಡು ಮೂರು ವಾಕ್ಯಗಳಿಗೆ ಇಳಿಸಬೇಕು. ಇಳಿಸುವಾಗ ಹಲವರು ಎಡವುವುದು ಇಲ್ಲಿಯೇ. "ರಿಜೆಕ್ಷನ್ನನ್ನು ಶೇಕಡಾ 69ರಷ್ಟು ಕಡಿಮೆ ಮಾಡಿದೆ" ಎಂದು ಬರೆದರೆ ಲೆಕ್ಕ ಸರಿಯೇ, 4.2ರಿಂದ 1.3ಕ್ಕೆ ಇಳಿದರೆ ಇಳಿಕೆ ಅಷ್ಟೇ ಆಗುತ್ತದೆ. ಆದರೆ ಮೊದಲು ಎಷ್ಟಿತ್ತೆಂದು ಹೇಳದ ಶೇಕಡಾವಾರು ಅಂಕಿ ಓದುವವರಿಗೆ ಏನನ್ನೂ ತಿಳಿಸುವುದಿಲ್ಲ. ತಿಂಗಳಿಗೆ ಹದಿಮೂರು ಭಾಗ ಹಾಳಾಗುತ್ತಿದ್ದದ್ದು ನಾಲ್ಕಕ್ಕೆ ಇಳಿದರೂ ಅದು ಶೇಕಡಾ 69. ಆದ್ದರಿಂದ ಮೊದಲಿನ ಅಂಕಿ, ಆಮೇಲಿನ ಅಂಕಿ, ಎಷ್ಟು ಭಾಗಗಳ ಮೇಲೆ, ಎಷ್ಟು ಕಾಲದಲ್ಲಿ ಎಂಬ ನಾಲ್ಕೂ ಒಟ್ಟಿಗೆ ಬರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಅನುಭವಿ ಮಾಲೀಕರು ಆ ಸಂಖ್ಯೆಯನ್ನು ನಂಬುವುದಿಲ್ಲ.

ಎರಡನೆಯ ಎಡವು 'ನಾನು' ಮತ್ತು 'ನಾವು' ಎಂಬಲ್ಲಿ. ಬೋರ್ ತೊಂದರೆಯಲ್ಲಿ ಆಸರೆಯ ಪ್ಯಾಡ್‌ಗಳನ್ನು ತಯಾರಿಸಿದ್ದು ಟೂಲ್ ರೂಮಿನವರು. ನಾಲ್ಕು ತಿಂಗಳು ಅಳತೆ ದಾಖಲಿಸಿದ್ದು ಗುಣಮಟ್ಟ ವಿಭಾಗದವರು. ಕಾರಣವನ್ನು ಕಂಡುಹಿಡಿದದ್ದು ಮತ್ತು ಫಿಕ್ಸ್ಚರ್‌ನ ಬದಲಾವಣೆಯನ್ನು ಚಿತ್ರಿಸಿದ್ದು ನಮ್ಮ ಇಂಜಿನಿಯರ್. ಎಲ್ಲವನ್ನೂ 'ನಾನು' ಎಂದರೆ ಹಳೆಯ ಸಹೋದ್ಯೋಗಿ ಒಬ್ಬರಿಗೆ ದೂರವಾಣಿ ಮಾಡಿದೊಡನೆ ಸತ್ಯ ಹೊರಬೀಳುತ್ತದೆ. ಎಲ್ಲವನ್ನೂ 'ನಮ್ಮ ತಂಡ' ಎಂದರೆ ಇವರ ಪಾಲು ಏನೆಂದು ತಿಳಿಯುವುದಿಲ್ಲ. ನಮ್ಮಲ್ಲಿ ಅನೇಕ ಒಳ್ಳೆಯ ಇಂಜಿನಿಯರುಗಳು ಸಂಕೋಚದಿಂದ ಈ ಎರಡನೆಯ ತಪ್ಪನ್ನೇ ಮಾಡುತ್ತಾರೆ. ತನ್ನ ಪಾಲನ್ನು ಮಾತ್ರ, ಆದರೆ ಪೂರ್ತಿಯಾಗಿ ಹೇಳುವುದು ಜಂಬವಲ್ಲ.

ಆರಿಸುವುದು, ಬಿಡುವುದು

ಹದಿನಾರು ವರ್ಷಗಳಲ್ಲಿ ಮಾಡಿದ್ದೆಲ್ಲವನ್ನೂ ಸಾರಾಂಶದಲ್ಲಿ ತುಂಬುವ ಆಸೆ ಸಹಜ. ಆದರೆ ಹುದ್ದೆ, ಸಂಸ್ಥೆ, ಅವಧಿಗಳ ವಿವರಕ್ಕೆ ತಾಣದಲ್ಲಿ ಬೇರೆಯೇ ಜಾಗವಿದೆ. ಸಾರಾಂಶವು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಎಂತಹ ತೊಂದರೆ ಬಂದಾಗ ಇವರನ್ನು ಕರೆಯಬೇಕು? ನಮ್ಮ ಇಂಜಿನಿಯರ್ ಮೂರು ಶಕ್ತಿಗಳನ್ನು ಆರಿಸಿಕೊಳ್ಳುತ್ತಾರೆ. ಬೋರ್‌ನ ಅಳತೆ ಮತ್ತು ಆಕಾರದ ತೊಂದರೆಗಳನ್ನು ಬಿಡಿಸುವುದು ಮೊದಲನೆಯದು. ಸಣ್ಣ ಲಾಟ್‌ಗಳಲ್ಲಿ ಒಂದು ಜಾಬ್‌ನಿಂದ ಇನ್ನೊಂದಕ್ಕೆ ಸೆಟ್ಟಿಂಗ್ ಬದಲಾಯಿಸುವ ಸಮಯವನ್ನು ಇಳಿಸುವುದು ಎರಡನೆಯದು. ಹೊಸ ಭಾಗವನ್ನು ಡ್ರಾಯಿಂಗ್‌ನಿಂದ ಹಿಡಿದು ಗ್ರಾಹಕರ ಮೊದಲ ಮಾದರಿ ಒಪ್ಪಿಗೆಯವರೆಗೆ ನಡೆಸುವುದು ಮೂರನೆಯದು.

ಮೊದಲ ಎರಡು ವರ್ಷ ಮಾಡಿದ ಶೀಟ್ ಮೆಟಲ್ ಕೆಲಸ, ಒಮ್ಮೆ ಹಾಜರಾದ ತರಬೇತಿಗಳು, ಗಣಕಯಂತ್ರದಲ್ಲಿ ಬಳಸಬಲ್ಲ ಸಾಮಾನ್ಯ ತಂತ್ರಾಂಶಗಳ ಪಟ್ಟಿ ಇವೆಲ್ಲ ಹೊರಗುಳಿಯುತ್ತವೆ. ಆದರೆ ಲೋಹದ ಹೆಸರು, ಪ್ರಕ್ರಿಯೆಯ ಹೆಸರು, ಯಂತ್ರದ ಬಗೆ, ಕಂಟ್ರೋಲರ್‌ನ ಹೆಸರು ಉಳಿಯಬೇಕು. ಇದಕ್ಕೆ ವ್ಯಾವಹಾರಿಕ ಕಾರಣವೂ ಇದೆ. ಇಂಜಿನಿಯರ್‌ಗಾಗಿ ತಾಣದಲ್ಲಿ ಹುಡುಕುವವರು 'ಉತ್ಸಾಹಿ' ಎಂದು ಹುಡುಕುವುದಿಲ್ಲ. 'ಹೋನಿಂಗ್', 'ಎಚ್‌ಎಂಸಿ', 'ಫ್ಯಾನಕ್' ಎಂದು ಹುಡುಕುತ್ತಾರೆ.

ಕೊನೆಗೆ, ತನಗೆ ಬಾರದ್ದನ್ನೂ ಒಂದು ವಾಕ್ಯದಲ್ಲಿ ಹೇಳಬೇಕು. ಇದನ್ನು ಕೇಳಿದೊಡನೆ ಹಲವರು ಹಿಂಜರಿಯುತ್ತಾರೆ. ಆದರೆ ಐದು ಆಕ್ಸಿಸ್ ಯಂತ್ರ ಓಡಿಸದವರನ್ನು ಆ ಕೆಲಸಕ್ಕೆ ಕರೆದರೆ ಇಬ್ಬರ ಅರ್ಧ ದಿನವೂ ವ್ಯರ್ಥ. ಅದಕ್ಕಿಂತ ಮುಖ್ಯವಾಗಿ, ಮಿತಿಯನ್ನು ತಾನಾಗಿ ಹೇಳಿದವರ ಉಳಿದ ಮಾತುಗಳಿಗೆ ತೂಕ ಹೆಚ್ಚುತ್ತದೆ.

ತಿದ್ದಿದ ಸಾರಾಂಶ

ಶೀರ್ಷಿಕೆ ಸಾಲು: "ಎರಕದ ಭಾಗಗಳ ಮಷಿನಿಂಗ್ ಪ್ರೊಸೆಸ್ ಇಂಜಿನಿಯರ್. ಬೋರ್ ರಿಜೆಕ್ಷನ್, ಸೆಟ್ಟಿಂಗ್ ಸಮಯ, ಹೊಸ ಭಾಗಗಳ ಮೊದಲ ಮಾದರಿ. 16 ವರ್ಷ."

ಸಾರಾಂಶ: "ಎಸ್‌ಜಿ ಐರನ್ ಮತ್ತು ಗ್ರೇ ಐರನ್ ಎರಕದ ಭಾಗಗಳಲ್ಲಿ ಬೋರ್‌ನ ಅಳತೆ ನಿಲ್ಲದಿರುವಾಗ ಅದರ ಕಾರಣ ಹುಡುಕಿ ಸರಿಪಡಿಸುವುದು ನನ್ನ ಮುಖ್ಯ ಕೆಲಸ. ತಿಂಗಳಿಗೆ 6,000 ತಯಾರಾಗುವ ವಾಲ್ವ್ ಬಾಡಿಯೊಂದರಲ್ಲಿ ಎಚ್7 ಬೋರ್‌ನ ರಿಜೆಕ್ಷನ್ ನಾಲ್ಕು ತಿಂಗಳಲ್ಲಿ ನೂರಕ್ಕೆ 4.2ರಿಂದ 1.3ಕ್ಕೆ ಇಳಿಯಿತು. ಕ್ಲಾಂಪಿನ ಒತ್ತಡದಿಂದ ಬೋರ್ ಅಂಡಾಕಾರವಾಗುತ್ತಿದೆ ಎಂದು ಅಳತೆಯಿಂದ ತೋರಿಸಿದ್ದು ಮತ್ತು ಫಿಕ್ಸ್ಚರ್ ಬದಲಾವಣೆ ಚಿತ್ರಿಸಿದ್ದು ನನ್ನ ಪಾಲು. ಇದಕ್ಕಾಗಿ ಪ್ರತಿ ಬಾಡಿಗೆ 15 ಸೆಕೆಂಡು ಸಮಯ ಹೆಚ್ಚಾಯಿತು.

50ರಿಂದ 300ರ ಲಾಟ್‌ಗಳು ಓಡುವ ಮೂರು ಎಚ್‌ಎಂಸಿ ಯಂತ್ರಗಳಲ್ಲಿ ಸೆಟ್ಟಿಂಗ್ ಬದಲಾವಣೆಯ ಸಮಯವನ್ನು ಸರಾಸರಿ 95 ನಿಮಿಷದಿಂದ 40 ನಿಮಿಷಕ್ಕೆ ತಂದಿದ್ದೇನೆ. ಮುಂದಿನ ಜಾಬ್‌ನ ಟೂಲ್ ಮತ್ತು ಫಿಕ್ಸ್ಚರ್‌ಗಳನ್ನು ಯಂತ್ರ ನಿಲ್ಲುವ ಮೊದಲೇ ಸಿದ್ಧಪಡಿಸುವ ಕ್ರಮದಿಂದ ಇದು ಸಾಧ್ಯವಾಯಿತು. ಹೊಸ ಯಂತ್ರ ಕೊಳ್ಳಲಿಲ್ಲ.

ಕಳೆದ ಆರು ವರ್ಷಗಳಲ್ಲಿ ಸುಮಾರು 40 ಹೊಸ ಭಾಗಗಳನ್ನು ಡ್ರಾಯಿಂಗ್‌ನಿಂದ ಮೊದಲ ಮಾದರಿಯ ಒಪ್ಪಿಗೆಯವರೆಗೆ ನಡೆಸಿದ್ದೇನೆ. ಫ್ಯಾನಕ್ ಕಂಟ್ರೋಲ್‌ನಲ್ಲಿ ಪ್ರೋಗ್ರಾಂ ಬರೆಯುತ್ತೇನೆ. 11 ಆಪರೇಟರ್‌ಗಳು ಮತ್ತು ಇಬ್ಬರು ಡಿಪ್ಲೊಮಾ ಇಂಜಿನಿಯರುಗಳ ಉಸ್ತುವಾರಿ ನನ್ನದು. ಐದು ಆಕ್ಸಿಸ್ ಯಂತ್ರಗಳಲ್ಲಿ ಮತ್ತು ಉತ್ಪನ್ನ ವಿನ್ಯಾಸದಲ್ಲಿ ನನಗೆ ಅನುಭವವಿಲ್ಲ. ಇದೇ ಊರಿನಲ್ಲಿ ಎರಕದ ಭಾಗಗಳ ಮಷಿನಿಂಗ್ ಘಟಕದಲ್ಲಿ ಕೆಲಸ ಹುಡುಕುತ್ತಿದ್ದೇನೆ."

ಈ ಸಾರಾಂಶದಲ್ಲಿ ವಿಶೇಷಣಗಳು ಇಲ್ಲವೆಂದೇ ಹೇಳಬೇಕು. 'ನಾಯಕತ್ವ' ಎಂಬ ಪದ ಹೋಗಿ ಹದಿಮೂರು ಜನರ ಉಸ್ತುವಾರಿ ಬಂದಿದೆ. 'ಗುಣಮಟ್ಟ ಸುಧಾರಣೆ' ಹೋಗಿ ಅಂಡಾಕಾರದ ಬೋರ್ ಬಂದಿದೆ. ಮೊದಲ ವಾಕ್ಯವನ್ನಷ್ಟೇ ಓದಿ ಮುಂದೆ ಸಾಗುವವರಿಗೂ ಇವರನ್ನು ಯಾವುದಕ್ಕೆ ಕರೆಯಬೇಕೆಂಬುದು ತಿಳಿದಿರುತ್ತದೆ.

ಹೇಳಬಾರದ ಸಂಗತಿಗಳು

ಉದ್ಯಮಿಗಳಾದ ನಮ್ಮ ಓದುಗರಿಗೆ ಇಲ್ಲೊಂದು ಆತಂಕ ಮೂಡುವುದು ಸಹಜ. ತಮ್ಮ ಕಾರ್ಖಾನೆಯ ರಿಜೆಕ್ಷನ್ ಅಂಕಿಯನ್ನು ನೌಕರರು ಊರಿಗೆಲ್ಲ ಕಾಣುವಂತೆ ಬರೆದರೆ ಹೇಗೆ? ಈ ಆತಂಕ ನ್ಯಾಯವಾದದ್ದು. ಗ್ರಾಹಕ ಸಂಸ್ಥೆಯ ಹೆಸರು, ಭಾಗದ ಸಂಖ್ಯೆ, ಡ್ರಾಯಿಂಗ್‌ನ ಪ್ರತಿ, ಬೆಲೆ, ಒಂದು ಭಾಗದ ತಯಾರಿಕಾ ವೆಚ್ಚ ಇವು ಸಾರಾಂಶದಲ್ಲಿ ಎಂದಿಗೂ ಬರಬಾರದು. 174 ಬಾಡಿಗಳ ಉಳಿತಾಯದಿಂದ ಎಷ್ಟು ರೂಪಾಯಿ ಉಳಿಯಿತೆಂದು ಹೇಳಿದರೆ ಒಂದು ಬಾಡಿಯ ವೆಚ್ಚವನ್ನು ಯಾರಾದರೂ ಭಾಗಿಸಿ ಕಂಡುಕೊಳ್ಳಬಹುದು. ಆದ್ದರಿಂದ ಮೇಲಿನ ಸಾರಾಂಶದಲ್ಲಿ ರೂಪಾಯಿ ಎಲ್ಲಿಯೂ ಬಂದಿಲ್ಲ.

ಮಾಸಿಕ ಉತ್ಪಾದನೆ ಮತ್ತು ರಿಜೆಕ್ಷನ್ ಅಂಕಿಗಳೂ ಸಂಸ್ಥೆಯ ಸ್ವತ್ತೇ. ನೇಮಕಾತಿ ಪತ್ರದಲ್ಲಿ ಗೋಪ್ಯತೆಯ ಷರತ್ತು ಇದ್ದರೆ ಅವನ್ನು ಬಳಸುವ ಮುನ್ನ ಮಾಲೀಕರ ಅನುಮತಿ ಕೇಳಬೇಕು. ಅನುಮತಿ ಸಿಗದಿದ್ದರೆ "ತಿಂಗಳಿಗೆ ಕೆಲವು ಸಾವಿರ" ಎಂದೂ "ರಿಜೆಕ್ಷನ್ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಯಿತು" ಎಂದೂ ಬರೆಯಬಹುದು. ಅಂಕಿ ಮಸುಕಾದರೂ ಕಾರಣ ಹುಡುಕಿದ ಬಗೆ ಸ್ಪಷ್ಟವಾಗಿ ಉಳಿದಿರುವವರೆಗೆ ಸಾರಾಂಶ ತನ್ನ ಬಲವನ್ನು ಹೆಚ್ಚು ಕಳೆದುಕೊಳ್ಳುವುದಿಲ್ಲ. ಇನ್ನು ಕೆಲಸದಲ್ಲಿ ಇದ್ದುಕೊಂಡೇ ಬೇರೆಡೆ ಪ್ರಯತ್ನಿಸುವವರು 'ಕೆಲಸ ಹುಡುಕುತ್ತಿದ್ದೇನೆ' ಎಂಬ ಕೊನೆಯ ವಾಕ್ಯವನ್ನು ಬಿಡುವುದೇ ಲೇಸು. ಪುಟವನ್ನು ಈಗಿನ ಮಾಲೀಕರೂ ಓದುತ್ತಾರೆ.

ಮಾಲೀಕರು ಓದುವ ಬಗೆ

ಅಂಕಿಗಳಿಂದ ಕೂಡಿದ ಸಾರಾಂಶವೂ ಕಟ್ಟುಕಥೆಯಾಗಿರಬಹುದು. ಸಂಖ್ಯೆ ಬರೆಯುವುದು ಕಷ್ಟವೇನಲ್ಲ. ಆದರೆ ನಿರ್ದಿಷ್ಟವಾಗಿ ಬರೆದ ಮಾತಿಗೆ ಒಂದು ಗುಣವಿದೆ: ಅದನ್ನು ಪ್ರಶ್ನಿಸಬಹುದು. 'ಡೈನಾಮಿಕ್' ಎಂಬುದನ್ನು ಯಾರೂ ಪರೀಕ್ಷಿಸಲಾರರು. '14 ಮೈಕ್ರಾನ್' ಎಂಬುದನ್ನು ಮೂರು ಪ್ರಶ್ನೆಗಳಲ್ಲಿ ಪರೀಕ್ಷಿಸಬಹುದು.

ಸಂದರ್ಶನದಲ್ಲಿ ಮಾಲೀಕರು ಮೊದಲು ಕೇಳಬೇಕಾದದ್ದು, "ಇದೇ ಕಾರಣ ಎಂದು ತಿಳಿಯುವ ಮೊದಲು ನೀವು ಯಾವುದನ್ನು ಅನುಮಾನಿಸಿದಿರಿ?" ಎಂದು. ಕೆಲಸ ಮಾಡಿದವರು ತಮ್ಮ ತಪ್ಪು ಊಹೆಗಳನ್ನು ಸಲೀಸಾಗಿ ಹೇಳುತ್ತಾರೆ. ಓದಿ ಬಂದವರಿಗೆ ಸರಿ ಉತ್ತರ ಮಾತ್ರ ಗೊತ್ತಿರುತ್ತದೆ. ಎರಡನೆಯದು, "ಯಾವ ಉಪಕರಣದಿಂದ, ಎಲ್ಲಿ, ಎಷ್ಟು ಭಾಗಗಳಲ್ಲಿ ಅಳೆದಿರಿ?" ಎಂದು. ಫಿಕ್ಸ್ಚರ್‌ನಲ್ಲಿ ಇದ್ದಾಗಲೇ ಅಳೆದೆ ಎಂಬ ಉತ್ತರ ಬಾರದಿದ್ದರೆ ಕಥೆ ಇನ್ನೊಬ್ಬರದ್ದಾಗಿರುವ ಸಾಧ್ಯತೆ ಹೆಚ್ಚು. ಮೂರನೆಯದು, "ಉಳಿದ ನೂರಕ್ಕೆ 1.3 ಏಕೆ ಹೋಗಲಿಲ್ಲ?" ಎಂದು. ಎರಕದೊಳಗಿನ ಗಾಳಿ ರಂಧ್ರ ಬೋರ್‌ನಲ್ಲಿ ಬಯಲಾಗುವುದು, ಮರಳಿನ ಕಣ ಸಿಕ್ಕಿಕೊಂಡಿರುವುದು ಮುಂತಾದ, ಫಿಕ್ಸ್ಚರ್‌ನಿಂದ ಸರಿಹೋಗದ ದೋಷಗಳನ್ನು ಅವರು ಬೇರ್ಪಡಿಸಿ ಹೇಳಬಲ್ಲರೇ ಎಂಬುದು ಇಲ್ಲಿ ತಿಳಿಯುತ್ತದೆ.

ಸಾಧ್ಯವಾದರೆ ಸಂದರ್ಶನವನ್ನು ಕಚೇರಿಯ ಮೇಜಿನ ಬಳಿಯಲ್ಲಿ ಮುಗಿಸದೆ ಶಾಪ್ ಫ್ಲೋರ್‌ಗೆ ಕರೆದೊಯ್ಯಬೇಕು. ತಮ್ಮದೇ ಒಂದು ತಿರಸ್ಕೃತ ಭಾಗವನ್ನು ಕೈಗಿತ್ತು, ಅದರ ಡ್ರಾಯಿಂಗನ್ನೂ ತೋರಿಸಿ, ಏನು ಕೇಳುತ್ತಾರೆಂದು ಗಮನಿಸಬೇಕು. ಉತ್ತರ ಹೇಳಲು ಅವಸರಪಡುವವರಿಗಿಂತ, ಇದನ್ನು ಎಲ್ಲಿ ಹಿಡಿಯುತ್ತೀರಿ, ಯಾವ ಹಂತದಲ್ಲಿ ಅಳೆಯುತ್ತೀರಿ ಎಂದು ಮರುಪ್ರಶ್ನೆ ಹಾಕುವವರು ಸಾರಾಂಶದಲ್ಲಿ ಬರೆದುದನ್ನು ನಿಜವಾಗಿ ಮಾಡಿದವರಾಗಿರುತ್ತಾರೆ.

ಇದರ ಇನ್ನೊಂದು ಮುಖವನ್ನೂ ಸದಸ್ಯರು ಗಮನಿಸಬೇಕು. ಸವಕಲು ಪದಗಳ ಸಾರಾಂಶವನ್ನು ಕಂಡೊಡನೆ ಆ ವ್ಯಕ್ತಿಯನ್ನು ತಳ್ಳಿಹಾಕುವುದೂ ನಷ್ಟವೇ. ನಮ್ಮ ಉದಾಹರಣೆಯ ಇಂಜಿನಿಯರ್ ಮೊದಲ ಕರಡನ್ನು ಬರೆದ ದಿನವೂ ಬೋರ್ ತೊಂದರೆಯನ್ನು ಬಿಡಿಸಿದವರೇ ಆಗಿದ್ದರು. ಸಂಶಯವಿದ್ದಲ್ಲಿ ಒಂದು ದೂರವಾಣಿ ಕರೆ ಮಾಡಿ, "ಕಳೆದ ಎರಡು ವರ್ಷಗಳಲ್ಲಿ ನಿಮ್ಮನ್ನು ಅತ್ಯಂತ ಹೆಚ್ಚು ಕಾಡಿದ ಜಾಬ್ ಯಾವುದು?" ಎಂದು ಕೇಳಿದರೆ ಐದು ನಿಮಿಷಗಳಲ್ಲಿ ನಿಜವಾದ ಸಾರಾಂಶ ಕಿವಿಗೆ ಬೀಳುತ್ತದೆ. ಹಾಗೆಯೇ, ಉದ್ಯೋಗ ಪ್ರಕಟಣೆ ಬರೆಯುವಾಗ ನಾವು 'ಡೈನಾಮಿಕ್ ಇಂಜಿನಿಯರ್ ಬೇಕಾಗಿದ್ದಾರೆ' ಎಂದು ಬರೆದರೆ ಬರುವ ಅರ್ಜಿಗಳೂ ಅದೇ ಭಾಷೆಯಲ್ಲಿರುತ್ತವೆ. 'ಗ್ರೇ ಐರನ್ ಹೌಸಿಂಗ್‌ಗಳಲ್ಲಿ ಬೋರ್ ರಿಜೆಕ್ಷನ್ ಇಳಿಸಬಲ್ಲವರು, ಸಣ್ಣ ಲಾಟ್‌ಗಳ ಸೆಟ್ಟಿಂಗ್ ಗೊತ್ತಿರುವವರು ಬೇಕು' ಎಂದು ಬರೆದರೆ ಅರ್ಜಿಗಳ ಸಂಖ್ಯೆ ಕಡಿಮೆಯಾಗಬಹುದು. ಆದರೆ ಕರೆಯಬೇಕಾದವರು ಅವುಗಳಲ್ಲಿ ಇರುತ್ತಾರೆ.